ಪ್ಯಾಕೆಟ್ಟಿನ ಮೇಲೆ ಹೆಕ್ಟೇರು, ಹೊಲದಲ್ಲಿ ಗುಂಟೆ: ಔಷಧಿ ಲೆಕ್ಕ ಹಾಕೋದು ಹೇಗೆ?

ಪ್ರಶ್ನೆ: ನಾನು ಬೆಂಗಳೂರಲ್ಲಿ ಕೆಲಸ ಮಾಡ್ತೀನಿ. ಆನೇಕಲ್ ಹತ್ರ ನಮ್ಮಪ್ಪ 20 ಗುಂಟೆಯಲ್ಲಿ ಟೊಮೆಟೊ ಹಾಕಿದ್ದಾರೆ. ಅಂಗಮಾರಿಗೆ ಅಂತ ಅಂಗಡಿಯಲ್ಲಿ ಮ್ಯಾಂಕೋಜೆಬ್ 75% ಪುಡಿ ಕೊಟ್ಟಿದ್ದಾರೆ, ಟ್ಯಾಂಕಿಗೆ ಮೂರು ಚಮಚ ಹಾಕಿ ಅಂದರಂತೆ. ಪ್ಯಾಕೆಟ್ಟಿನಲ್ಲಿ ಹೆಕ್ಟೇರು, ಲೀಟರು ಅಂತ ಏನೇನೋ ಇದೆ, ಫೋಟೋ ಕಳಿಸಿದ್ದೀನಿ. ನಮ್ಮ ಟ್ಯಾಂಕು 16 ಲೀಟರಿಂದು. ಎಷ್ಟು ಹಾಕಬೇಕು? ತ್ರಿಕೋನ ಹಸಿರು ಇದೆ, ಹಾಗಾದ್ರೆ ಕೈಗವಸು, ಮಾಸ್ಕು ಎಲ್ಲ ಬೇಕಾ?

ಉತ್ತರ: ಮೊದಲು ಲೆಕ್ಕ ಹೇಳಿಬಿಡುತ್ತೇನೆ. ಬೆಳೆದು ನಿಂತ ಟೊಮೆಟೊ ಆದರೆ ನಿಮ್ಮ 20 ಗುಂಟೆಗೆ ಒಟ್ಟು 300ರಿಂದ 400 ಗ್ರಾಂ ಪುಡಿ, 150 ಲೀಟರ್ ನೀರು. ಟ್ಯಾಂಕನ್ನು 15 ಲೀಟರಿನ ಗೆರೆವರೆಗೆ ಮಾತ್ರ ತುಂಬಿಸಿದರೆ ಹತ್ತು ಟ್ಯಾಂಕು ಆಗುತ್ತದೆ. ಒಂದೊಂದು ಟ್ಯಾಂಕಿಗೆ 30ರಿಂದ 40 ಗ್ರಾಂ. ಕೈಗವಸು, ಮಾಸ್ಕು ಎರಡೂ ಬೇಕು. ಈ ಅಂಕಿ ಎಲ್ಲಿಂದ ಬಂತು ಅಂತ ಈಗ ನೋಡೋಣ. ಒಮ್ಮೆ ಗೊತ್ತಾದರೆ ಮುಂದಿನ ಪ್ಯಾಕೆಟ್ಟನ್ನು ನೀವೇ ಓದಬಹುದು.

ನೀವು ಮೂರು ಫೋಟೋ ಕಳಿಸಿದ್ದೀರಿ. ಮೊದಲನೆಯದರಲ್ಲಿ ಫ್ಲಾಶ್ ಬೆಳಕು ಪ್ಲಾಸ್ಟಿಕ್ ಮೇಲೆ ಬಿದ್ದು ಅರ್ಧ ಅಕ್ಷರ ಬೆಳ್ಳಗಾಗಿವೆ. ಎರಡನೆಯದು ಬರೀ ಮುಂಭಾಗ: ಕಂಪನಿ ಹೆಸರು, ಟೊಮೆಟೊ ಚಿತ್ರ. ಮೂರನೆಯದು ಒಳಗಿದ್ದ ಮಡಿಚಿದ ಕಾಗದದ್ದು. ಕೆಲಸಕ್ಕೆ ಬಂದಿದ್ದು ಅದೇ. ಜನ ಸಾಮಾನ್ಯವಾಗಿ ಆ ಕಾಗದವನ್ನೇ ಮೊದಲು ಎಸೆಯುತ್ತಾರೆ. ಅದು ಹಿಂದಿ, ಇಂಗ್ಲಿಷ್ ಜೊತೆಗೆ ಆಯಾ ಕಡೆಯ ಭಾಷೆಯಲ್ಲೂ ಇರಬೇಕು ಅಂತ ಕೀಟನಾಶಕ ನಿಯಮಗಳೇ ಹೇಳುತ್ತವೆ. ಪ್ಯಾಕೆಟ್ಟಿನಲ್ಲಿ ಇಲ್ಲದಿದ್ದರೆ ಅಂಗಡಿಯವರನ್ನು ಕೇಳಿ ಪಡೆಯಿರಿ. ಇನ್ನೊಮ್ಮೆ ಫೋಟೋ ತೆಗೆಯುವಾಗ ಕಾಗದವನ್ನು ಹಾಸಿ, ನಾಲ್ಕು ಮೂಲೆಗೂ ಕಲ್ಲಿಟ್ಟು, ಫ್ಲಾಶ್ ಆರಿಸಿ, ಹಗಲು ಬೆಳಕಲ್ಲಿ ನೆರಳಿನಲ್ಲಿ ತೆಗೆಯಿರಿ.

ಆ ಕಾಗದದಲ್ಲಿ ಒಂದು ಪಟ್ಟಿ ಇದೆ ಅಲ್ವಾ? ಎಡಗಡೆಯಿಂದ ಮೊದಲು ಬೆಳೆ, ಆಮೇಲೆ ರೋಗ. ಅದಾದ ಮೇಲೆ ಹೆಕ್ಟೇರಿಗೆ ಎಷ್ಟು ಅನ್ನುವುದಕ್ಕೆ ಎರಡು ಕಾಲಂ. ಒಂದು 'ಸಕ್ರಿಯ ಅಂಶ', ಇನ್ನೊಂದು 'ಫಾರ್ಮುಲೇಶನ್'. ಅದರ ಪಕ್ಕ ನೀರು. ಕೊನೆಗೆ ಕಾಯುವ ದಿನಗಳು. ಟೊಮೆಟೊ ಸಾಲಿನಲ್ಲಿ ಸಕ್ರಿಯ ಅಂಶ 1.125ರಿಂದ 1.5 ಕಿಲೋ, ಫಾರ್ಮುಲೇಶನ್ 1.5ರಿಂದ 2 ಕಿಲೋ, ನೀರು 750 ಲೀಟರ್ ಅಂತ ಇದೆ.

ಎಡವುವುದು ಇಲ್ಲೇ. 1.5 ಅನ್ನುವ ಅಂಕಿ ಎರಡು ಕಾಲಂನಲ್ಲೂ ಇದೆ, ನೋಡಿದಿರಾ? ಸಕ್ರಿಯ ಅಂಶ ಅಂದರೆ ಶುದ್ಧ ಮ್ಯಾಂಕೋಜೆಬ್. ಅಂಗಡಿಯಲ್ಲಿ ನಮಗೆ ಸಿಗುವ ಪುಡಿಯಲ್ಲಿ ಅದು ನೂರಕ್ಕೆ 75 ಭಾಗ ಮಾತ್ರ. ಉಳಿದ 25 ಭಾಗ ಪುಡಿ ನೀರಿನಲ್ಲಿ ಕದಡಲಿ, ಎಲೆಗೆ ಹಿಡಿಯಲಿ ಅಂತ ಸೇರಿಸಿದ್ದು. ಹಾಗಾಗಿ 2 ಕಿಲೋ ಪುಡಿಯಲ್ಲಿ ಒಂದೂವರೆ ಕಿಲೋ ಮಾತ್ರ ನಿಜವಾದ ಔಷಧಿ. ತಕ್ಕಡಿಗೆ ನಾವು ಹಾಕುವುದು ಪುಡಿಯನ್ನು. ಆದ್ದರಿಂದ ನಮಗೆ ಬೇಕಾಗಿದ್ದು 'ಫಾರ್ಮುಲೇಶನ್' ಕಾಲಂ ಮಾತ್ರ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಒಬ್ಬ ರೈತರಿಗೆ ಆಲೂಗಡ್ಡೆ ಬೆಳೆಗೆ ಪಕ್ಕದ ಕಾಲಂ ನೋಡಿ ಲೆಕ್ಕ ಹೇಳಿಬಿಟ್ಟಿದ್ದೆ. ನಾಲ್ಕರಲ್ಲಿ ಒಂದು ಭಾಗ ಕಡಿಮೆ ಬಿತ್ತು. ಮೋಡ ಮುಚ್ಚಿದ ವಾರ ಅದು, ಅಂಗಮಾರಿ ತಡೆಯಲಿಲ್ಲ. ಅವರು ನನಗೆ ಒಂದು ಮಾತೂ ಅನ್ನಲಿಲ್ಲ, ಆದರೆ ಆ ಹೊಲ ನನಗೆ ಇವತ್ತಿಗೂ ಕಣ್ಣಮುಂದಿದೆ. ಅವತ್ತಿನಿಂದ ಯಾರೇ ಪಟ್ಟಿ ತೋರಿಸಿದರೂ ಮೊದಲು ಫಾರ್ಮುಲೇಶನ್ ಕಾಲಂನ ಸುತ್ತ ಪೆನ್ನಿನಿಂದ ಗೆರೆ ಹಾಕಿಕೊಡುತ್ತೇನೆ. ನೀವೂ ಫೋಟೋ ಮೇಲೆ ಗೆರೆ ಹಾಕಿ ಅಪ್ಪನಿಗೆ ಕಳಿಸಿ.

ಇನ್ನು ಹೆಕ್ಟೇರು. ನಮ್ಮ ಕಡೆ ಯಾರೂ ಹೆಕ್ಟೇರಿನಲ್ಲಿ ಮಾತಾಡುವುದಿಲ್ಲ, ಎಕರೆ ಗುಂಟೆಯಲ್ಲೇ ಎಲ್ಲ. ಆದರೆ ಗುಂಟೆ ಇಲ್ಲಿ ನಮಗೆ ತುಂಬ ಸಹಾಯ ಮಾಡುತ್ತದೆ. ಒಂದು ಹೆಕ್ಟೇರು ಅಂದರೆ 2.47 ಎಕರೆ, ಎಕರೆಗೆ 40 ಗುಂಟೆ. ಗುಣಿಸಿದರೆ ಹೆಚ್ಚುಕಡಿಮೆ 99 ಗುಂಟೆ. ನೂರು ಅಂತಲೇ ಇಟ್ಟುಕೊಳ್ಳಿ, ಹೊಲದ ಲೆಕ್ಕಕ್ಕೆ ಅಷ್ಟು ಸಾಕು. ಅಂದರೆ ಪ್ಯಾಕೆಟ್ಟಿನ ಹೆಕ್ಟೇರು ಅಂಕಿಯನ್ನು ನೂರರಿಂದ ಭಾಗಿಸಿದರೆ ಗುಂಟೆಯ ಲೆಕ್ಕ ಸಿಕ್ಕಿತು. 1.5ರಿಂದ 2 ಕಿಲೋ ಇದ್ದದ್ದು ಗುಂಟೆಗೆ 15ರಿಂದ 20 ಗ್ರಾಂ ಆಯಿತು. 750 ಲೀಟರ್ ನೀರು ಗುಂಟೆಗೆ ಏಳೂವರೆ ಲೀಟರ್ ಆಯಿತು. ನಿಮ್ಮದು 20 ಗುಂಟೆ, ಇಪ್ಪತ್ತರಿಂದ ಗುಣಿಸಿ: 300ರಿಂದ 400 ಗ್ರಾಂ, 150 ಲೀಟರ್. ಕಾಗದ ಪೆನ್ಸಿಲ್ಲೂ ಬೇಡ, ಬದುವಿನ ಮೇಲೆ ನಿಂತು ಬಾಯಿಲೆಕ್ಕದಲ್ಲೇ ಆಗುತ್ತದೆ.

300 ಹಾಕಬೇಕಾ, 400 ಹಾಕಬೇಕಾ ಅಂತ ಕೇಳುತ್ತೀರಿ. ರೋಗ ಇನ್ನೂ ಕಾಣಿಸಿಲ್ಲ, ಮುನ್ನೆಚ್ಚರಿಕೆಗೆ ಹೊಡೆಯುತ್ತಿದ್ದೀರಿ ಅಂದರೆ 300 ಸಾಕು. ಮೋಡ, ಜಡಿಮಳೆ ಇದ್ದು ಅಕ್ಕಪಕ್ಕದ ತೋಟದಲ್ಲಿ ಅಂಗಮಾರಿ ಬಂದಿದ್ದರೆ 400. ಅದಕ್ಕಿಂತ ಜಾಸ್ತಿ ಹಾಕಿದರೆ ಪ್ರಯೋಜನ ಇಲ್ಲ. ಯಾಕೆ ಅಂತ ಹೇಳುತ್ತೇನೆ. ಮ್ಯಾಂಕೋಜೆಬ್ ಎಲೆಯ ಮೇಲೆ ಕೂತು ಕಾವಲು ಕಾಯುವ ಔಷಧಿ, ಎಲೆಯ ಒಳಗೆ ಇಳಿಯುವುದಿಲ್ಲ. ರೋಗದ ಬೀಜಕಣ ಎಲೆ ಮೇಲೆ ಬಿದ್ದು ಮೊಳೆಯುವ ಹೊತ್ತಿಗೆ ಅಲ್ಲಿ ಔಷಧಿ ಇದ್ದರೆ ಅದು ಸಾಯುತ್ತದೆ. ಒಳಗೆ ಹೊಕ್ಕು ಕಂದು ಮಚ್ಚೆ ಮಾಡಿದ ಮೇಲೆ ಈ ಪುಡಿ ಅದನ್ನು ಮುಟ್ಟುವುದಿಲ್ಲ. ಆ ಮಚ್ಚೆ ನೋಡಿ ಹೆದರಿ ಡಬಲ್ ಹಾಕುವವರು ತುಂಬ ಜನ. ಮಚ್ಚೆ ಹಾಗೇ ಇರುತ್ತದೆ, ಹಣ್ಣಿನ ಮೇಲೆ ಔಷಧಿಯ ಅಂಶ ಮಾತ್ರ ಜಾಸ್ತಿಯಾಗುತ್ತದೆ. ಹಾಗಾಗಿ ಗ್ರಾಂ ಏರಿಸುವ ಬದಲು ಎಲೆಯ ಅಡಿಭಾಗಕ್ಕೂ ತಾಗುವ ಹಾಗೆ ಹೊಡೆಯಿರಿ. ಹೊಡೆದಾದ ಮೇಲೆ ನಾಲ್ಕೈದು ಗಿಡದ ಕೆಳಗಿನ ಎಲೆ ತಿರುಗಿಸಿ ನೋಡಿ. ಒಣಗಿದ ಮೇಲೆ ತೆಳ್ಳಗೆ ಹಳದಿ ಪುಡಿ ಕಂಡರೆ ಔಷಧಿ ತಾಗಿದೆ ಅಂತ ಅರ್ಥ.

ಚಮಚದ ಮಾತಿಗೆ ಬರೋಣ. ಅಂಗಡಿಯವರು ಕೆಟ್ಟ ಉದ್ದೇಶದಿಂದ ಹೇಳಿದ್ದಲ್ಲ, ಸುಲಭವಾಗಲಿ ಅಂತ ಹೇಳಿದ್ದು. ಆದರೆ ಯಾವ ಚಮಚ? ಟೀ ಚಮಚವಾ, ಸಾರು ಬಡಿಸೋದಾ? ಒಂದೇ ಚಮಚದಲ್ಲಿ ಅಂಚಿಗೆ ಸಮ ಮಾಡಿ ತೆಗೆದ ಪುಡಿಗೂ, ಗೋಪುರ ಮಾಡಿ ತುಂಬಿದ ಪುಡಿಗೂ ಸುಮಾರು ಎರಡು ಪಟ್ಟು ವ್ಯತ್ಯಾಸ ಬರುತ್ತದೆ. ಅಪ್ಪನಿಗೆ ಒಂದು ಚಿಕ್ಕ ಡಿಜಿಟಲ್ ತಕ್ಕಡಿ ತಂದುಕೊಡಿ, ಗ್ರಾಂ ತೋರಿಸುವಂಥದ್ದು. ಅಡುಗೆಮನೆಯಲ್ಲಿರುವುದು ಬೇಡ, ಔಷಧಿಗೇ ಅಂತ ಬೇರೆ ಇರಲಿ. ತಕ್ಕಡಿ ಇಲ್ಲದ ದಿನಕ್ಕೆ ಒಂದು ಉಪಾಯ ಇದೆ: 40 ಗ್ರಾಂ ಒಮ್ಮೆ ತೂಗಿ, ಹಳೆಯ ಪ್ಲಾಸ್ಟಿಕ್ ಲೋಟಕ್ಕೆ ಹಾಕಿ, ಪುಡಿ ನಿಂತ ಮಟ್ಟಕ್ಕೆ ಮಾರ್ಕರಿನಲ್ಲಿ ಗೆರೆ ಎಳೆದು, ಮೇಲೆ 'ಮ್ಯಾಂಕೋಜೆಬ್' ಅಂತ ಬರೆದಿಡಿ. ಆ ಲೋಟ ಈ ಪುಡಿಗೆ ಮಾತ್ರ. ಬೇರೆ ಪುಡಿಯ ತೂಕ ಬೇರೆ, ಆ ಗೆರೆ ಅದಕ್ಕೆ ಆಗುವುದಿಲ್ಲ.

ಇನ್ನೊಂದು ವಿಷಯ ನಿಮ್ಮ ಪ್ರಶ್ನೆಯಲ್ಲಿ ಇಲ್ಲ, ಆದರೆ ಇಡೀ ಲೆಕ್ಕ ನಿಂತಿರುವುದೇ ಅದರ ಮೇಲೆ. ಅಪ್ಪ 20 ಗುಂಟೆಗೆ ನಿಜವಾಗಿ ಎಷ್ಟು ಟ್ಯಾಂಕು ಹೊಡೆಯುತ್ತಾರೆ? ಕೇಳಿ ನೋಡಿ. ಆರು ಅಂದರೆ ಗ್ರಾಂ ಎಷ್ಟೇ ಸರಿಯಾಗಿ ತೂಗಿದರೂ ಹೊಲಕ್ಕೆ ಬಿದ್ದದ್ದು ಬರೀ 180ರಿಂದ 240 ಗ್ರಾಂ. ಹದಿನೈದು ಅಂದರೆ 450ರಿಂದ 600, ಅಂದರೆ ವಿಪರೀತ. ಲೀಟರಿಗೆ ಇಷ್ಟು ಅನ್ನುವ ಲೆಕ್ಕ ಸರಿಯಾಗಬೇಕಾದರೆ ಗುಂಟೆಗೆ ಬೀಳುವ ನೀರೂ ಸರಿ ಇರಬೇಕು. ಇದನ್ನು ಬರೀ ನೀರಿನಲ್ಲೇ ಪರೀಕ್ಷೆ ಮಾಡಬಹುದು. ಗುಂಟೆ ಅಂದರೆ 33 ಅಡಿ ಉದ್ದ, 33 ಅಡಿ ಅಗಲ. ತೋಟದೊಳಗೆ ಅಷ್ಟು ಜಾಗ ಅಳೆದು ನಾಲ್ಕು ಕಡ್ಡಿ ನೆಡಿ. ಟ್ಯಾಂಕಿಗೆ 15 ಲೀಟರ್ ಬರೀ ನೀರು ತುಂಬಿಸಿ, ಯಾವತ್ತೂ ನಡೆಯುವ ಹಾಗೇ ನಡೆದು ಆ ಗುಂಟೆಗೆ ಹೊಡೆಯಲಿ. ಆಮೇಲೆ ಟ್ಯಾಂಕಿನಲ್ಲಿ ಎಷ್ಟು ಉಳಿದಿದೆ ನೋಡಿ. ಅರ್ಧ ಉಳಿದಿದ್ದರೆ ಗುಂಟೆಗೆ ಏಳೂವರೆ ಲೀಟರ್ ಬಿದ್ದಿದೆ, ಪ್ಯಾಕೆಟ್ಟಿನ ಲೆಕ್ಕಕ್ಕೆ ಸರಿಹೋಯಿತು. ಹತ್ತು ಲೀಟರ್ ಉಳಿದಿದ್ದರೆ ತುಂಬ ಬೇಗ ನಡೆಯುತ್ತಿದ್ದಾರೆ, ಇಲ್ಲವೇ ನಾಜಲ್ ಕಟ್ಟಿದೆ. ನಾಲ್ಕೇ ಲೀಟರ್ ಉಳಿದಿದ್ದರೆ ನಾಜಲ್ ಸವೆದು ತೂತು ದೊಡ್ಡದಾಗಿರಬಹುದು, ಅದನ್ನು ಬದಲಾಯಿಸಿ. ನಡಿಗೆ, ನಾಜಲ್ ಸರಿ ಮಾಡಿಕೊಂಡು ಇನ್ನೊಮ್ಮೆ ಅಳೆಯಲಿ.

ಗಿಡ ಇನ್ನೂ ಮೊಣಕಾಲುದ್ದ ಇರುವಾಗ ಇಷ್ಟು ನೀರು ಹಿಡಿಯುವುದಿಲ್ಲ, ನೆಲಕ್ಕೆ ಸುರಿದು ಹೋಗುತ್ತದೆ. ಆಗ ಟ್ಯಾಂಕಿಗೆ ಹಾಕುವ ಗ್ರಾಂ ಹಾಗೇ ಇರಲಿ, ಟ್ಯಾಂಕುಗಳನ್ನು ಕಡಿಮೆ ಮಾಡಿ. ಉಳಿಯಿತಲ್ಲ ಅಂತ ಅದೇ ಗಿಡಕ್ಕೆ ಎರಡನೇ ಸಲ ಹೊಡೆಯಬೇಡಿ.

ಕಲಸುವ ಕ್ರಮಕ್ಕೂ ಒಂದು ಕಾರಣ ಇದೆ. ಇದು ನೀರಿನಲ್ಲಿ ಸಕ್ಕರೆಯ ಹಾಗೆ ಕರಗುವುದಿಲ್ಲ, ಹಿಟ್ಟಿನ ಹಾಗೆ ಕದಡಿಕೊಂಡಿರುತ್ತದೆ. ಪುಡಿಯನ್ನು ನೇರವಾಗಿ ಟ್ಯಾಂಕಿಗೆ ಸುರಿದರೆ ಗಂಟು ಕಟ್ಟಿ ತಳಕ್ಕೆ ಹೋಗುತ್ತದೆ. ಮೊದಲು ಬರೀ ನೀರು ಬಂದು, ಕೊನೆಗೆ ಗಟ್ಟಿ ಔಷಧಿ ಬರುತ್ತದೆ. ಆ ಕೊನೆಯ ಸಾಲಿನ ಗಿಡಗಳಿಗೆ ಅದು ತಾಪತ್ರಯ. ರಾಗಿ ಅಂಬಲಿಗೆ ಹಿಟ್ಟು ಕದಡುವುದು ನೋಡಿದ್ದೀರಲ್ಲ, ಹಾಗೇ ಮಾಡಬೇಕು. ಔಷಧಿಗೇ ಅಂತ ಇಟ್ಟ ಬಕೆಟ್ಟಿನಲ್ಲಿ ಸ್ವಲ್ಪ ನೀರಿಗೆ 40 ಗ್ರಾಂ ಪುಡಿ ಹಾಕಿ, ಕೋಲಿನಿಂದ ಗಂಟಿಲ್ಲದ ಹಾಗೆ ತಿರುಗಿಸಿ. ಆಮೇಲೆ ಒಂದು ಲೀಟರ್ ನೀರು ಬೆರೆಸಿ. ಅರ್ಧ ತುಂಬಿದ ಟ್ಯಾಂಕಿಗೆ ಜಾಲರಿ ಮೂಲಕ ಸುರಿದು, 15ರ ಗೆರೆವರೆಗೆ ನೀರು ತುಂಬಿಸಿ ಅಲ್ಲಾಡಿಸಿ. ಬ್ಯಾಟರಿ ಪಂಪಿನ ಟ್ಯಾಂಕಿನಲ್ಲಿ ಸಾಮಾನ್ಯವಾಗಿ ಕದಡುವ ವ್ಯವಸ್ಥೆ ಇರುವುದಿಲ್ಲ. ಎರಡು ಮೂರು ಸಾಲಿಗೊಮ್ಮೆ ಮೈ ಕುಲುಕಿಸಿ ಟ್ಯಾಂಕು ಅಲ್ಲಾಡಿಸಬೇಕು. ಕಲಸಿಟ್ಟು ಊಟಕ್ಕೆ ಹೋಗಬಾರದು, ಮರುದಿನಕ್ಕೆ ಇಡಲೂಬಾರದು. ಸುಣ್ಣ ಬೆರೆತ ಬೋರ್ಡೋ ದ್ರಾವಣದ ಜೊತೆ ಸೇರಿಸಬೇಡಿ, ಮ್ಯಾಂಕೋಜೆಬ್ ಕೆಟ್ಟುಹೋಗುತ್ತದೆ.

ಈಗ ಹಸಿರು ತ್ರಿಕೋನ. ಇದರಲ್ಲೇ ಬಹಳ ಜನ ಮೋಸ ಹೋಗುತ್ತಾರೆ. ಕೆಂಪು, ಹಳದಿ, ನೀಲಿ, ಹಸಿರು ಅಂತ ನಾಲ್ಕು ಬಣ್ಣ ಇರುವುದು ನಿಜ, ಕೆಂಪು ಎಲ್ಲಕ್ಕಿಂತ ವಿಷ. ಆದರೆ ಬಣ್ಣ ಮುಖ್ಯವಾಗಿ ಹೇಳುವುದು ಒಂದು ಸಲಕ್ಕೆ ಎಷ್ಟು ಹೊಟ್ಟೆಗೆ ಹೋದರೆ ಪ್ರಾಣಿ ಸಾಯುತ್ತದೆ ಅನ್ನುವುದನ್ನು. ಪರೀಕ್ಷೆಯ ಪ್ರಾಣಿಗಳಲ್ಲಿ ಅರ್ಧದಷ್ಟು ಸಾಯಲು ಒಂದು ಕಿಲೋ ಮೈತೂಕಕ್ಕೆ 50 ಮಿಲಿಗ್ರಾಂವರೆಗೆ ಸಾಕಾದರೆ ಕೆಂಪು, 5000 ಮಿಲಿಗ್ರಾಂ ದಾಟಿದರೆ ಹಸಿರು. ವರ್ಷಗಟ್ಟಲೆ ವಾರಕ್ಕೊಮ್ಮೆ ಚರ್ಮದ ಮೇಲೆ ಬಿದ್ದರೆ, ಉಸಿರಿನಲ್ಲಿ ಹೋದರೆ ಏನಾಗುತ್ತದೆ ಅಂತ ಆ ಬಣ್ಣ ಹೇಳುವುದಿಲ್ಲ. ಇದೇ ಮ್ಯಾಂಕೋಜೆಬ್‌ಗೆ ಯುರೋಪಿಯನ್ ಒಕ್ಕೂಟ 2020ರ ಕೊನೆಗೆ ಅನುಮತಿ ಮುಂದುವರಿಸಲಿಲ್ಲ. ಮೈಯೊಳಗಿನ ಹಾರ್ಮೋನುಗಳ ಕೆಲಸ ಕೆಡಿಸುತ್ತದೆ, ಹುಟ್ಟಬೇಕಾದ ಮಗುವಿಗೆ ತೊಂದರೆ ಮಾಡಬಹುದು ಅನ್ನುವುದು ಅವರು ಕೊಟ್ಟ ಕಾರಣಗಳಲ್ಲಿ ಸೇರಿದೆ. ನಮ್ಮಲ್ಲಿ ಟೊಮೆಟೊಗೆ ಅನುಮತಿ ಇದೆ. ಆದರೂ ಮನೆಯಲ್ಲಿ ಬಸುರಿ ಹೆಂಗಸರಿದ್ದರೆ ಈ ಔಷಧಿ ಕಲಸುವ ಕೆಲಸ, ಹೊಡೆದ ಬಟ್ಟೆ ಒಗೆಯುವ ಕೆಲಸ ಅವರಿಗೆ ಕೊಡಲೇಬೇಡಿ. ಇದನ್ನು ಒತ್ತಿ ಹೇಳುತ್ತಿದ್ದೇನೆ. ಔಷಧಿ ಹೊಡೆಯುವವರು ಗಂಡಸರಾದರೂ ಆ ಬಟ್ಟೆ ಕೈಯಲ್ಲಿ ಒಗೆಯುವವರು ಸಾಮಾನ್ಯವಾಗಿ ಮನೆಯ ಹೆಂಗಸರು. ಯಾರೇ ಒಗೆಯಲಿ, ಕೈಗವಸು ಹಾಕಿಕೊಂಡು ಬೇರೆ ಬಟ್ಟೆಯ ಜೊತೆ ಸೇರಿಸದೆ ಒಗೆಯಲಿ.

ರಕ್ಷಣೆ ಎಲ್ಲಕ್ಕಿಂತ ಜಾಸ್ತಿ ಬೇಕಾಗಿರುವುದು ಹೊಡೆಯುವಾಗ ಅಲ್ಲ, ಪ್ಯಾಕೆಟ್ ಹರಿದು ಪುಡಿ ತೂಗುವ ಆ ಐದು ನಿಮಿಷದಲ್ಲಿ. ಪ್ಯಾಕೆಟ್ಟಿನೊಳಗೆ ಔಷಧಿ 75% ಇದೆ. ಟ್ಯಾಂಕಿನ ನೀರಿನಲ್ಲಿ 0.15ರಿಂದ 0.2%. ಅಂದರೆ ಪುಡಿ ಸುಮಾರು ನಾನ್ನೂರು ಪಟ್ಟು ಗಟ್ಟಿ. ಹೊಡೆಯುವಾಗ ಮಾಸ್ಕು ಹಾಕಿ, ಕಲಸುವಾಗ ಬರಿಗೈಯಲ್ಲಿ ಮೊಣಕೈವರೆಗೆ ಬಕೆಟ್ಟಿನಲ್ಲಿ ಕದಡುವವರನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಅದು ತಿರುಗುಮುರುಗು. ಗಾಳಿಗೆ ಬೆನ್ನು ಮಾಡಿ ನಿಂತು, ರಬ್ಬರಿನ ಅಥವಾ ನೈಟ್ರೈಲ್ ಕೈಗವಸು, ಎನ್-95 ಮಾಸ್ಕು, ಕನ್ನಡಕ ಹಾಕಿಕೊಂಡು ಪುಡಿ ತೂಗಬೇಕು. ಬಟ್ಟೆಯ ಕೈಗವಸು ಬೇಡವೇ ಬೇಡ, ಅದು ನೆನೆದು ಔಷಧಿಯನ್ನು ಚರ್ಮಕ್ಕೇ ಒತ್ತಿ ಹಿಡಿಯುತ್ತದೆ. ಮುಖಕ್ಕೆ ಸುತ್ತುವ ಟವೆಲ್ಲೂ ಅಷ್ಟೇ. ಹೊಡೆಯುವಾಗ ಮೈತುಂಬ ಅಂಗಿ, ಪ್ಯಾಂಟು, ಬೂಟು ಇರಲಿ. ನಾಜಲ್ ಕಟ್ಟಿದರೆ ಬಾಯಿಂದ ಊದಬಾರದು. ಹಳೆ ಟೂತ್‌ಬ್ರಷ್ ಒಂದನ್ನು ಟ್ಯಾಂಕಿನ ಪಟ್ಟಿಗೆ ಕಟ್ಟಿಬಿಡಿ, ಅದರಲ್ಲಿ ಉಜ್ಜಲಿ.

ಮ್ಯಾಂಕೋಜೆಬ್ ಚರ್ಮಕ್ಕೆ ಆಗಿಬರದವರಿಗೆ ಮೊದಲು ಕತ್ತು, ಮುಂಗೈಯಲ್ಲಿ ಕೆಂಪಗೆ ತುರಿಕೆ ಬರುತ್ತದೆ, ಕಣ್ಣು ಉರಿಯುತ್ತದೆ. ಬಿಸಿಲಿಗೆ ಆಗಿದ್ದು ಅಂತ ಸುಮ್ನೆ ಬಿಡಬೇಡಿ. ಚರ್ಮವನ್ನು ಸೋಪು ಹಚ್ಚಿ ತೊಳೆಯಬೇಕು. ಕಣ್ಣಿಗೆ ಬಿದ್ದಿದ್ದರೆ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಡಾಕ್ಟರಿಗೆ ತೋರಿಸಬೇಕು. ಯಾರಾದರೂ ನುಂಗಿಬಿಟ್ಟರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. 108ಕ್ಕೆ ಫೋನ್ ಮಾಡಿ, ಪ್ಯಾಕೆಟ್ಟನ್ನು ಜೊತೆಗೇ ಆಸ್ಪತ್ರೆಗೆ ಒಯ್ಯಿರಿ. ದೆಹಲಿ ಏಮ್ಸ್‌ನ ವಿಷ ಮಾಹಿತಿ ಕೇಂದ್ರದ ಉಚಿತ ನಂಬರು 1800 116 117. ಡಾಕ್ಟರಿಗೆ ಬೇಕಾಗುವುದು ಕಂಪನಿ ಹೆಸರಲ್ಲ, ಒಳಗಿರುವ ಔಷಧಿಯ ಹೆಸರು. ನೀವು ತೆಗೆದ ಫೋಟೋ ಅಪ್ಪನ ಫೋನಿನಲ್ಲೂ ಇರಲಿ.

ಕೊನೆಯ ಕಾಲಂ ಬಾಕಿ ಇದೆ, ಕಾಯುವ ದಿನಗಳದ್ದು. ಹೊಡೆದ ಮೇಲೆ ಎಷ್ಟು ದಿನ ಹಣ್ಣು ಕೀಳಬಾರದು ಅನ್ನುವ ಲೆಕ್ಕ ಅದು. ಒಂದು ಬೆಳೆಯದ್ದನ್ನು ಇನ್ನೊಂದಕ್ಕೆ ಅಂದಾಜು ಮಾಡಲು ಆಗುವುದಿಲ್ಲ. ಉದಾಹರಣೆಗೆ, ಕಾಯಿಕೊರಕಕ್ಕೆ ಹೊಡೆಯುವ ಕ್ಲೋರಾಂಟ್ರನಿಲಿಪ್ರೋಲ್ 18.5% ದ್ರಾವಣಕ್ಕೆ ಟೊಮೆಟೊದಲ್ಲಿ 3 ದಿನ ಕಾದರೆ ಸಾಕು, ಬದನೆಯಲ್ಲಿ 22 ದಿನ ಕಾಯಬೇಕು. ಬಾಟಲಿ ಒಂದೇ, ಪಕ್ಕಪಕ್ಕದ ಸಾಲು ಬೇರೆ. ಟೊಮೆಟೊ ಕೊಯ್ಲು ಶುರುವಾದ ಮೇಲೆ ಮೂರು ನಾಲ್ಕು ದಿನಕ್ಕೊಮ್ಮೆ ಕೀಳುತ್ತೀರಿ ಅಲ್ವಾ? ಹಾಗಾಗಿ ಹೊಡೆಯುವುದಿದ್ದರೆ ಕಿತ್ತ ದಿನ ಸಂಜೆಯೇ ಹೊಡೆಯಬೇಕು. ಕಾಯುವ ದಿನ ನಿಮ್ಮ ಕೊಯ್ಲಿನ ಅಂತರಕ್ಕಿಂತ ಜಾಸ್ತಿ ಇದ್ದರೆ ಒಂದು ಕೊಯ್ಲು ಬಿಡಬೇಕು, ಇಲ್ಲವೇ ಆ ಔಷಧಿ ಬಿಡಬೇಕು. ಮಾರ್ಕೆಟ್ ರೇಟು ಚೆನ್ನಾಗಿರುವಾಗ ಇದು ಕಷ್ಟ, ನನಗೆ ಗೊತ್ತು. ಆದರೂ ಆ ಹಣ್ಣು ಹೋಗುವುದು ಯಾರದೋ ಮನೆಯ ಸಾರಿಗೆ, ಮಕ್ಕಳ ತಟ್ಟೆಗೆ.

ಪಟ್ಟಿಯಲ್ಲಿ ಇಲ್ಲದ ಬೆಳೆಗೆ ಉಳಿದ ಪುಡಿ ಹೊಡೆಯಬೇಡಿ. ಪಟ್ಟಿಯೂ ಬದಲಾಗುತ್ತದೆ. 2023ರಲ್ಲಿ ಕೇಂದ್ರ ಸರ್ಕಾರ ಸೀಬೆ, ಜೋಳ, ಮರಗೆಣಸಿಗೆ ಮ್ಯಾಂಕೋಜೆಬ್ ಬಳಕೆಯನ್ನು ತೆಗೆದುಹಾಕಿದೆ, ಹಳೆ ಕಾಗದದಲ್ಲಿ ಅವು ಇನ್ನೂ ಇರಬಹುದು. ಹಾಗೇ ಅಂಗಡಿಯಲ್ಲಿ ಮುಂದಿನ ಸಲ ಮೆಟಲಾಕ್ಸಿಲ್ 8%, ಮ್ಯಾಂಕೋಜೆಬ್ 64% ಸೇರಿದ ಪ್ಯಾಕೆಟ್ ಕೊಟ್ಟರೆ ಈ ಲೆಕ್ಕ ಅದಕ್ಕೆ ಹಾಕಬೇಡಿ. ಅದು ಬೇರೆ ಔಷಧಿ, ಅದರ ಪಟ್ಟಿ ಬೇರೆ. ಓದಲು ಕಷ್ಟವಾದರೆ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಕಾಗದ ಒಯ್ದು ತೋರಿಸಿ, ಅಥವಾ ಕಿಸಾನ್ ಕಾಲ್ ಸೆಂಟರ್ 1800 180 1551ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.

ನಿಮ್ಮ ಮೂರನೇ ಫೋಟೋದಲ್ಲಿ ಟೊಮೆಟೊ ಸಾಲಿನ ಆ ಕೊನೆಯ ಕಾಲಂ ಕಾಗದದ ಮಡಿಕೆಯೊಳಗೆ ಹೋಗಿದೆ. ಅಪ್ಪನಿಗೆ ಫೋನ್ ಮಾಡಿ ಮಡಿಕೆ ಬಿಡಿಸಿ ಆ ಅಂಕಿ ಓದಲು ಹೇಳಿ. ಅದನ್ನು ನೋಡಿದ ಮೇಲೆಯೇ ಪ್ಯಾಕೆಟ್ ಹರಿಯಲಿ.